ಬಸ್ ಸ್ಟಾಪ್ ಪಕ್ಕದ ಅಂಗಡಿಯೋ ಒಳರಸ್ತೆ ಅಂಗಡಿಯೋ? ಹೊಸ ಮೆಡಿಕಲ್‌ಗೆ ಜಾಗ ನೋಡ್ತಿದೀನಿ, ಫುಟ್‌ಫಾಲ್ ಲೆಕ್ಕ ಸರಿ ಇದ್ಯಾ ಹೇಳಿ

ಹೊಸ ಕೌಂಟರ್

ಎಲ್ರಿಗೂ ನಮಸ್ಕಾರ. ಫಾರ್ಮಸಿ ಓದಿ ಬೇರೆಯವರ ಕೌಂಟರ್‌ನಲ್ಲಿ ತುಂಬಾ ವರ್ಷ ಕೆಲ್ಸ ಮಾಡಾಯ್ತು, ಈಗ ಸ್ವಂತದ್ದೊಂದು ಮೆಡಿಕಲ್ ಶಾಪ್ ಹಾಕೋಣ ಅಂತ ಹೊರಟಿದೀನಿ. ಎರಡು ಜಾಗ ಸಿಕ್ಕಿದೆ, ಎರಡರಲ್ಲಿ ಒಂದು ಈ ತಿಂಗಳೇ ಫೈನಲ್ ಮಾಡ್ಬೇಕು.

ಮೊದಲ್ನೇದು ಮೇನ್ ರೋಡಲ್ಲಿ, ಬಸ್ ಸ್ಟಾಪ್ ಪಕ್ಕದಲ್ಲೇ. ಸಾಯಂಕಾಲ 5ರಿಂದ 7ರವರೆಗೆ ನಿಂತು ಎಣಿಸಿದೆ, 1,400 ಜನ ಓಡಾಡಿದ್ರು. ಎರಡ್ನೇದು ಒಳರಸ್ತೆ, ಸುತ್ತ ಮನೆಗಳು, ಹತ್ರದಲ್ಲೇ ಎರಡು ಕ್ಲಿನಿಕ್. ಅಲ್ಲಿ ಅದೇ ಹೊತ್ತಲ್ಲಿ ಬರೀ 260 ಜನ. ಬಾಡಿಗೆ ಮಾತ್ರ ಬಸ್ ಸ್ಟಾಪಿನ್ದು ಒಳರಸ್ತೇದಕ್ಕಿಂತ ಎರಡು ಪಟ್ಟು.

ಒಳರಸ್ತೆ ಅಂಗಡಿ ಸುತ್ತ ಮ್ಯಾಪಲ್ಲಿ 1 ಕಿಲೋಮೀಟರ್ ವೃತ್ತ ಹಾಕಿ ನೋಡಿದೆ, 18,000 ಜನಸಂಖ್ಯೆ ಬರತ್ತೆ. ಆದ್ರೂ ಐದು ಪಟ್ಟು ಜನ ಓಡಾಡೋ ಜಾಗಕ್ಕೆ ಎರಡೇ ಪಟ್ಟು ಬಾಡಿಗೆ ಅಂದ್ರೆ ಬಸ್ ಸ್ಟಾಪೇ ಲಾಭ ಅನ್ಸುತ್ತೆ. ನನ್ನ ಲೆಕ್ಕದಲ್ಲಿ ಏನಾದ್ರೂ ಬಿಟ್ಟು ಹೋಗಿದ್ಯಾ?

ಓಡಾಟ

ಬಸ್ ಸ್ಟಾಪೇ ತಗೊಳ್ಳಿ, ಯೋಚ್ನೇನೇ ಬೇಡ. ಅಂಗಡಿ ಯಾವ್ದೇ ಇರ್ಲಿ ಜನ ಕಣ್ಣಿಗೆ ಬೀಳ್ಬೇಕು ಅಷ್ಟೇ. 1,400ರಲ್ಲಿ ನೂರಕ್ಕೆ ಐದು ಜನ ಒಳಗೆ ಬಂದ್ರೂ ಎರಡೇ ಗಂಟೇಲಿ 70 ಗಿರಾಕಿ. ಒಳರಸ್ತೇಲಿ 260 ಜನದಲ್ಲಿ ಅದೇ ಲೆಕ್ಕ ಹಾಕಿದ್ರೆ 13. ಇದ್ರಲ್ಲಿ ಚರ್ಚೆಗೆ ಏನಿದೆ?

ಕುತೂಹಲಿ

ನಮ್ಮ ಅಂಗಡೀಲೂ ಫುಟ್‌ಫಾಲ್ ಎಣಿಸ್ಬೇಕು ಅಂತ ಬಾಗಿಲಿಗೆ ಸೆನ್ಸರ್ ಹಾಕಿದೀವಿ, ಆದ್ರೆ ಒಬ್ರೇ ಒಳಗೆ ಬಂದು ಹೊರಗೆ ಹೋದ್ರೂ ಎರಡು ಅಂತ ತೋರಿಸ್ತಿದೆ. ಕ್ಯಾಮೆರಾದ್ದು ಒಳ್ಳೇದಾ? ಯಾರಾದ್ರೂ ಉಪಯೋಗಿಸ್ತಿದ್ರೆ ಹೇಳಿ.

ಹೊಸ ಕೌಂಟರ್

@ಕುತೂಹಲಿ ನಂದಿನ್ನೂ ಅಂಗಡೀನೇ ಇಲ್ಲ ಸಾರ್, ಜಾಗ ಹುಡುಕೋ ಹಂತ. ನಾನು ಕೇಳ್ತಿರೋದು ರಸ್ತೇಲಿ ಓಡಾಡೋರ ಲೆಕ್ಕ.

@ಓಡಾಟ ನೂರಕ್ಕೆ ಐದು ಅನ್ನೋದು ಎಲ್ಲಿಂದ ಬಂತು?

ಓಡಾಟ

ಎಲ್ಲಾ ರೀಟೇಲ್‌ನಲ್ಲೂ ಸುಮಾರು ಅಷ್ಟೇ ಇರತ್ತೆ.

ಗಡಿರೇಖೆ

ಎಲ್ಲಾ ರೀಟೇಲ್‌ಗೂ ಒಂದೇ ಅಂಕಿ ಅನ್ನೋದನ್ನ ಒಪ್ಪಲ್ಲ. ನಾನು ಮೆಡಿಕಲ್ ಚೈನ್ ಒಂದಕ್ಕೆ ಜಾಗ ನೋಡೋ ಕೆಲಸದಲ್ಲೇ ಬಹಳ ಕಾಲ ಇದ್ದವನು, ಆ ಅನುಭವದ ಮೇಲೆ ಬರೀತಿದೀನಿ.

ಬಟ್ಟೆ ಅಂಗಡಿ ಮುಂದೆ ಹೋಗೋನು ಗಾಜಲ್ಲಿ ಏನೋ ಚೆನ್ನಾಗಿ ಕಾಣ್ತು ಅಂತ ಒಳಗೆ ಬರ್ತಾನೆ. ಮೆಡಿಕಲ್‌ಗೆ ಹಾಗೆ ಸುಮ್ನೆ ಯಾರೂ ಬರಲ್ಲ, ಅವ್ನಿಗೆ ಮೊದಲೇ ಒಂದು ಕಾರಣ ಇರತ್ತೆ. ಡಾಕ್ಟ್ರು ಈಗ್ತಾನೆ ಚೀಟಿ ಬರ್ಕೊಟ್ಟಿರ್ತಾರೆ, ಇಲ್ಲಾ ಮನೇಲಿ ಬಿಪಿ ಶುಗರ್ ಮಾತ್ರೆ ಮುಗೀತಾ ಬಂದಿರತ್ತೆ, ಇಲ್ಲಾ ತಲೆನೋವು, ಮಗೂಗೆ ಜ್ವರ, ಇಂಥದ್ದೇನೋ. ಮೊದಲ್ನೇ ಥರದೋರು ಕ್ಲಿನಿಕ್‌ನಿಂದ ಹೊರಗೆ ಬಂದ ಹತ್ತು ನಿಮಿಷದಲ್ಲಿ ಎಲ್ಲಿ ಸಿಗತ್ತೋ ಅಲ್ಲೇ ತಗೋತಾರೆ. ಎರಡ್ನೇ ಥರದೋರು ಮನೆ ಹತ್ರ, ಇಲ್ಲಾ ಮನೆಗೆ ಹೋಗೋ ದಾರೀಲಿ ತಗೋತಾರೆ, ತಿಂಗಳು ತಿಂಗಳು ಅದೇ ಅಂಗಡಿಗೆ ಬರ್ತಾರೆ. ಓಡಾಡೋ ಜನಸಂದಣಿ ನಿಮ್ಗೆ ನಿಜವಾಗ್ಲೂ ಕೊಡೋದು ಮೂರ್ನೇ ಥರದೋರನ್ನ ಮಾತ್ರ, ಅವರ ಬಿಲ್ಲೇ ಎಲ್ಲಕ್ಕಿಂತ ಚಿಕ್ಕದು.

ಅದಕ್ಕೆ 1,400 ಮತ್ತೆ 260 ಅನ್ನೋ ಎರಡು ಅಂಕಿನ ಪಕ್ಕಪಕ್ಕ ಇಟ್ಟು ಹೋಲಿಸ್ಬೇಡಿ. ಬಸ್ ಸ್ಟಾಪ್ ವಿಷಯದಲ್ಲಿ ನಂದು ಮೂರು ಪ್ರಶ್ನೆ. ಆ 1,400ರಲ್ಲಿ ನಿಮ್ಮ ಅಂಗಡಿ ಇರೋ ಬದಿ ನಡೆದೋರು ಎಷ್ಟು? ರಸ್ತೆ ಮಧ್ಯ ಡಿವೈಡರ್ ಇದ್ಯಾ? ಬಸ್ಸಿಗೆ ಕಾಯ್ತಾ ಆ ಕಡೆ ಈ ಕಡೆ ಓಡಾಡಿದ ಒಬ್ನೇ ಮನುಷ್ಯನ್ನ ಎರಡು ಮೂರು ಸಲ ಎಣಿಸಿಲ್ಲ ತಾನೆ?

ಹೊಸ ಕೌಂಟರ್

ಡಿವೈಡರ್ ಇದೆ ಸಾರ್, ಕಬ್ಬಿಣದ ಕಂಬಿ ಹಾಕಿದಾರೆ. ಎರಡೂ ಬದಿ ಸೇರಿಸೇ ಎಣಿಸಿದ್ದು, ಬದಿ ಬೇರೆ ಮಾಡಿಲ್ಲ.

ಗಡಿರೇಖೆ

ಹಾಗಾದ್ರೆ ಮತ್ತೆ ಎಣಿಸಿ. ಎರಡು ಗಂಟೆ ಪೂರ್ತಿ ನಿಂತ್ಕೊಳ್ಳೋದೂ ಬೇಡ. ಅಂಗಡಿ ಬಾಗಿಲ ಮುಂದೆ ಒಂದು ಗೆರೆ ಅಂದ್ಕೊಳ್ಳಿ, ಆ ಗೆರೆ ದಾಟಿದೋರನ್ನ ಮಾತ್ರ ಲೆಕ್ಕಕ್ಕೆ ತಗೊಳ್ಳಿ, ಸ್ಟಾಪಲ್ಲಿ ನಿಂತಿರೋರು ಬೇಡ. ಒಂದೊಂದು ಗಂಟೇಲಿ 15 ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದ್ರೆ ಸಾಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಲ್ಲಾ ಹೊತ್ತೂ ಬರ್ಬೇಕು, ವಾರದ ದಿನ ಒಂದು ಲೆಕ್ಕ, ಶನಿವಾರ ಭಾನುವಾರ ಬೇರೆ ಲೆಕ್ಕ. ಮಳೆ ಬಂದ ದಿನ, ರಜೆ ದಿನ ಎಣಿಸಿದ್ರೆ ಅದನ್ನ ಪಕ್ಕದಲ್ಲಿ ಬರೆದಿಡಿ.

ಇನ್ನೊಂದು ಇದಕ್ಕಿಂತ ಮುಖ್ಯ. ಆ ಮೇನ್ ರೋಡಲ್ಲೇ ಈಗಿರೋ ಬೇರೆ ಮೆಡಿಕಲ್ ಶಾಪ್ ಹುಡುಕಿ, ಎದುರುಗಡೆ ನಿಂತು ಒಂದು ಗಂಟೇಲಿ ಅದರ ಮುಂದೆ ಎಷ್ಟು ಜನ ಹಾದು ಹೋದ್ರು, ಅದ್ರಲ್ಲಿ ಎಷ್ಟು ಜನ ಹತ್ತಿದ್ರು ಅಂತ ನೋಡಿ. ನಿಮ್ಗೆ ಬೇಕಾಗಿರೋ ಶೇಕಡಾವಾರು ಅದೇ. ಬೇರೆ ಧಂದೆಯ ಅಂಕಿ ತಂದು ಇಲ್ಲಿ ಹಾಕೋಕಾಗಲ್ಲ.

ಎಣ್ಸೋಣ

ಬಿಸಿಲಲ್ಲಿ ಯಾಕೆ ನಿಂತ್ಕೋತೀರ? ಗೂಗಲ್ ಮ್ಯಾಪ್ಸಲ್ಲಿ ಯಾವ ಹೊತ್ತಲ್ಲಿ ಎಷ್ಟು ರಶ್ ಅಂತ ಗ್ರಾಫ್ ಬರತ್ತಲ್ಲ, ಎರಡೂ ರಸ್ತೆಯ ಅಂಗಡಿಗಳದ್ದು ತೆಗೆದು ಹೋಲಿಸಿದ್ರೆ ಮುಗೀತು.

ಗಡಿರೇಖೆ

ಆ ಗ್ರಾಫಲ್ಲಿ ಜನರ ಸಂಖ್ಯೆ ಇರಲ್ಲ. ಆ ಜಾಗದ ಅತಿ ಹೆಚ್ಚಿನ ರಶ್‌ಗೆ ಹೋಲಿಸಿದ್ರೆ ಈ ಹೊತ್ತಲ್ಲಿ ಎಷ್ಟು ಅಂತ ಮಾತ್ರ ತೋರಿಸತ್ತೆ. ದಿನಕ್ಕೆ 30 ಜನ ಬರೋ ಅಂಗಡಿಗೂ 300 ಜನ ಬರೋ ಅಂಗಡಿಗೂ ಗ್ರಾಫಿನ ತುದಿ ಒಂದೇ ಎತ್ತರ. ಯಾವ ಗಂಟೇಲಿ ಎಣಿಸೋಕೆ ನಿಂತ್ಕೋಬೇಕು ಅಂತ ತಿಳ್ಕೊಳ್ಳೋಕೆ ಒಳ್ಳೇದು, ಎರಡು ಜಾಗ ಹೋಲಿಸೋಕೆ ಬರಲ್ಲ.

ಎಣ್ಸೋಣ

ಸರಿ, ಅದು ಒಪ್ಪಿದೆ. ಆದ್ರೆ 1 ಕಿಲೋಮೀಟರ್ ವೃತ್ತದ ಬಗ್ಗೆ ನಂಗೊಂದು ಹೇಳೋದಿದೆ, ಮ್ಯಾಪ್ ಕೆಲಸ ನನ್ನ ಹೊಟ್ಟೆಪಾಡು. ಜನ ಕಾಗೆ ಹಾರಿದ ಹಾಗೆ ನೇರ ಬರಲ್ಲ, ಬೀದಿ ಹಿಡಿದು ತಿರುಗಿ ತಿರುಗಿ ಬರ್ತಾರೆ. ಬೀದಿಗಳೆಲ್ಲಾ ಚೌಕ ಚೌಕ ಇದ್ರೆ, ಅಂಗಡಿಯಿಂದ ಇಷ್ಟು ದೂರ ನಡೆದು ತಲುಪೋ ಜಾಗ ವೃತ್ತ ಆಗಲ್ಲ, ಓರೆ ನಿಂತ ಚೌಕ ಆಗತ್ತೆ. ಅದರ ವಿಸ್ತೀರ್ಣ ಅದೇ ದೂರದ ವೃತ್ತದ 64 ಪರ್ಸೆಂಟ್ ಮಾತ್ರ. ಇದು ಊರಿನ ವಿಷಯ ಅಲ್ಲ, ಶುದ್ಧ ಜ್ಯಾಮಿತಿ.

ಮತ್ತೆ 1 ಕಿಲೋಮೀಟರೇ ಜಾಸ್ತಿ. ಮಾತ್ರೆಗೋಸ್ಕರ ಹತ್ತು ನಿಮಿಷಕ್ಕಿಂತ ಹೆಚ್ಚು ನಡೆಯೋರು ಕಡಿಮೆ, ಸಾಧಾರಣ ನಡಿಗೇಲಿ ನಿಮಿಷಕ್ಕೆ 80 ಮೀಟರ್ ಅಂದ್ರೂ 800 ಮೀಟರ್ ಆಯ್ತು. 1 ಕಿಲೋಮೀಟರ್ ವೃತ್ತ ಅಂದ್ರೆ 3.14 ಚದರ ಕಿಲೋಮೀಟರ್, ಬೀದಿ ಹಿಡಿದು 800 ಮೀಟರ್ ಅಂದ್ರೆ 1.28. ಜನ ಎಲ್ಲಾ ಕಡೆ ಒಂದೇ ಸಮ ಇದಾರೆ ಅಂತ ಇಟ್ಕೊಂಡ್ರೆ ನಿಮ್ಮ 18,000 ಇಳಿದು ಸುಮಾರು 7,300 ಆಗತ್ತೆ. ಇದರ ಮೇಲೆ ರೈಲ್ವೆ ಹಳಿ, ಕಾಲುವೆ, ಉದ್ದದ ಕಾಂಪೌಂಡ್, ದಾಟೋಕಾಗದ ರಸ್ತೆ ಏನಾದ್ರೂ ಇದ್ರೆ ಆ ಕಡೇದು ಪೂರ್ತಿ ಕಟ್.

ಹೊಸ ಕೌಂಟರ್

ಅಯ್ಯೋ ಅಷ್ಟು ಇಳಿಯತ್ತಾ! ದಕ್ಷಿಣಕ್ಕೆ ಅದೇ ಮೇನ್ ರೋಡ್ ಇದೆ, ಕಂಬಿ ಹಾಕಿರೋದ್ರಿಂದ ದಾಟ್ಬೇಕಂದ್ರೆ ಸುಮಾರು 600 ಮೀಟರ್ ಸುತ್ಕೊಂಡು ಬರ್ಬೇಕು. ಆ ಕಡೆ ಮೂರ್ನೇ ಒಂದು ಭಾಗ ಜನ ಇರಬಹುದು. ಅವ್ರನ್ನ ತೆಗೆದ್ರೆ ಉಳಿಯೋದು 4,900 ಆಸುಪಾಸು.

ಮಾತ್ರೆ ಡಬ್ಬಿ

ನಂದೊಂದು ಸಂಗತಿ ಹೇಳ್ತೀನಿ ಕೇಳ್ರಿ. ನಮ್ಮ ಅಂಗಡಿ ಒಂದು ದವಾಖಾನಿ ಗೇಟಿನ ಎದುರಿಗೇ ಐತ್ರಿ. ನಾಕೈದು ವರ್ಷ ಕೈ ಬಿಡುವಿಲ್ದಂಗ ವ್ಯಾಪಾರ ಆತು. ಆಮ್ಯಾಲ ದವಾಖಾನಿಯವ್ರು ಹೊಸ ಬಿಲ್ಡಿಂಗ್ ಕಟ್ಟಿ ಓಪಿಡಿ ಗೇಟ್ ಹಿಂದಿನ ರಸ್ತಾಕ್ಕ ಮಾಡಿದ್ರು. ನಾವ್ ಅಲ್ಲೇ ಅದೀವಿ, ದವಾಖಾನಿ ಅಲ್ಲೇ ಐತಿ, ಪೇಷಂಟೂ ಅಷ್ಟೇ ಮಂದಿ, ಆದ್ರ ನಮ್ಮ ಬಾಗ್ಲಾ ದಾಟೋ ಮಂದಿ ಇಲ್ಲ. ಚೀಟಿ ವ್ಯಾಪಾರ ಅರ್ಧಕ್ಕಿಂತ ಕೆಳಗ ಬಂತು ನೋಡ್ರಿ. ಉಳಿಸಿದ್ದು ಅಂದ್ರ ಹಿಂದಿನ ಓಣಿಯ ಮನಿಮಂದಿ, ತಿಂಗ್ಳಾ ಶುಗರ್ ಗುಳಿಗಿ ಒಯ್ಯೋರು.

ಅದಕ್ಕ ಹೇಳ್ತೀನ್ರಿ, ಕ್ಲಿನಿಕ್ ಎಷ್ಟು ಹತ್ರ ಅದಾವು ಅಂತ ನೋಡಬ್ಯಾಡ್ರಿ, ಬಾಗಿಲಾ ಯಾ ಕಡೆ ಐತಿ, ಹೊರಗ ಬಂದ ಪೇಷಂಟ್ ಎಡಕ್ಕ ಹೊಳ್ಳತಾನೋ ಬಲಕ್ಕ ಹೊಳ್ಳತಾನೋ ಅದನ್ನ ನೋಡ್ರಿ.

ಓಡಾಟ

ನೋಡಿ, ಇವ್ರೂ ಅದನ್ನೇ ಹೇಳಿದ್ದು. ಬಾಗಿಲ ಮುಂದೆ ಜನ ಓಡಾಡೋದು ನಿಂತ್ರೆ ವ್ಯಾಪಾರ ಬಿತ್ತು. ಫುಟ್‌ಫಾಲೇ ಮುಖ್ಯ!

ಮಾತ್ರೆ ಡಬ್ಬಿ

ಹಂಗಲ್ರೀ, ಚೀಟಿ ಕೈಯಾಗ ಹಿಡಕೊಂಡ ಮಂದಿ ಬ್ಯಾರೆ, ಬಸ್ ಹಿಡಿಯಾಕ ಓಡೋ ಮಂದಿ ಬ್ಯಾರೆ.

ರಾತ್ರಿಪಾಳಿ

ಓಡಾಟ ಅವ್ರ ಮಾತನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ ಅಂತ ನನಗನ್ಸುತ್ತೆ. ನಾನು ಕೌಂಟರಲ್ಲಿ ಸಂಜೆ ಮೇಲಿನ ಪಾಳಿ ಮಾಡೋಳು. ಕೆಲಸದಿಂದ ಮನೆಗೆ ಹೋಗೋರು ದಾರೀಲಿ ಗಾಡಿ ನಿಲ್ಲಿಸಿ ಅಪ್ಪ ಅಮ್ಮನ ಮಾತ್ರೆ ತಗೊಂಡು ಹೋಗೋದು ದಿನಾ ನೋಡ್ತೀನಿ. ಅವರು ಮನೆಯಿಂದ ಎದ್ದು ಅಂಗಡಿಗೆ ಅಂತಲೇ ಬಂದೋರಲ್ಲ, ಆದ್ರೆ ದೊಡ್ಡ ಬಿಲ್ಲು ಅವರದ್ದೇ. ಹಾಗಾಗಿ ಓಡಾಟದಲ್ಲೂ ದಿಕ್ಕು ಮುಖ್ಯ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಬದಿಗಿಂತ ಸಂಜೆ ಮನೆಗೆ ವಾಪಸ್ ಬರೋ ಬದೀಲಿ ಇರೋ ಅಂಗಡಿಗೆ ಲಾಭ, ಯಾಕಂದ್ರೆ ಬೆಳಿಗ್ಗೆ ಯಾರೂ ನಿಲ್ಲಲ್ಲ.

ಇನ್ನೊಂದು, ಗಾಡಿ ನಿಲ್ಸೋಕೆ ಜಾಗ ಇದ್ಯಾ ನೋಡಿ. ಬಸ್ ಸ್ಟಾಪ್ ಪಕ್ಕ ಗಾಡಿ ನಿಲ್ಲಿಸೋಕೆ ಬಿಡಲ್ಲ ಅಂದ್ರೆ ಈ ಗಿರಾಕಿಗಳು ಪೂರ್ತಿ ಹೋದ್ರು ಅಂತಲೇ ಲೆಕ್ಕ.

ಗಡಿರೇಖೆ

ರಾತ್ರಿಪಾಳಿ ಮೇಡಂ ಹೇಳಿದ್ದು ತುಂಬಾ ಸರಿ, ಎಣಿಸುವಾಗ ದಿಕ್ಕು ಬೇರೆ ಬೇರೆ ಕಾಲಂ ಮಾಡ್ಕೊಳ್ಳಿ.

ಡೆಲಿವರಿ ಹುಡ್ಗ

ಯಾವ ಕಾಲದಲ್ಲಿದೀರ ಎಲ್ರೂ? ತಿಂಗಳ ಮಾತ್ರೆ ಈಗ ಆ್ಯಪಲ್ಲಿ ಬರತ್ತೆ. ಗಿರಾಕಿ ಬರೋ ಸುತ್ತಲ ಪ್ರದೇಶ, ಕ್ಯಾಚ್‌ಮೆಂಟ್ ಗೀಚ್‌ಮೆಂಟ್ ಅನ್ನೋದೆಲ್ಲಾ ಹಳೇ ಮಾತು. ಅಗ್ಗದ ಗೋಡೌನ್ ಹಿಡಿದು ಡೆಲಿವರಿ ಮಾಡಿ.

ರಾತ್ರಿಪಾಳಿ

ರಾತ್ರಿ ಮಗೂಗೆ ಜ್ವರ ಬಂದಾಗ ಆ್ಯಪ್ ನೋಡ್ತಾ ಕೂತ್ಕೊಳ್ಳಲ್ಲ ಯಾರೂ. ಆಂಟಿಬಯಾಟಿಕ್ ಬರ್ಕೊಟ್ರೆ ಇವತ್ತೇ ಶುರು ಮಾಡ್ಬೇಕು. ನೀವು ಹೇಳೋದು ತಿಂಗಳ ಮಾತ್ರೆಗೆ ಮಾತ್ರ ಅನ್ವಯಿಸತ್ತೆ, ಅದೂ ಎಲ್ರಿಗೂ ಅಲ್ಲ. ವಯಸ್ಸಾದೋರು ಪಟ್ಟಿ ತಗೊಂಡು ಬಂದು ಇದೇ ಕಂಪನಿದು ಕೊಡಮ್ಮ, ಹೋದ್ಸಲ ಬೇರೆ ಬಣ್ಣ ಇತ್ತು ಅಂತ ಕೇಳ್ತಾರೆ.

ಡೆಲಿವರಿ ಹುಡ್ಗ

ಇನ್ನೊಂದೈದು ವರ್ಷ ಬಿಟ್ಟು ನೋಡಿ ಅಷ್ಟೇ.

ಎಣ್ಸೋಣ

ಅದು ಬೇರೆ ಚರ್ಚೆ, ಬೇರೆ ಥ್ರೆಡ್ ಹಾಕಿ. ಹೊಸ ಕೌಂಟರ್ ಅವ್ರೇ, 4,900 ಜನ ಅಂದ್ರಲ್ಲ, ಅವ್ರೆಲ್ಲಾ ನಿಮ್ಮೋರಲ್ಲ. ಸುತ್ತ ಬೇರೆ ಮೆಡಿಕಲ್ ಎಷ್ಟಿವೆ? ಅಮೆರಿಕದ ಡೇವಿಡ್ ಹಫ್ ಅನ್ನೋರು 1960ರ ದಶಕದಲ್ಲಿ ಕೊಟ್ಟ ಒಂದು ಲೆಕ್ಕ ಇದೆ, ಇವತ್ತಿಗೂ ಜಾಗ ನೋಡೋರು ಅದನ್ನೇ ಹಿಡ್ಕೋತಾರೆ. ಪ್ರತಿ ಅಂಗಡಿಗೂ ಒಂದು ಸೆಳೆತ ಇರತ್ತೆ, ಅಂಗಡಿ ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದೂರ ಆದಷ್ಟೂ ಕಡಿಮೆ. ಒಂದು ಬೀದಿಯ ಜನ ನಿಮ್ಮಲ್ಲಿಗೆ ಬರೋ ಸಾಧ್ಯತೆ ಅಂದ್ರೆ ನಿಮ್ಮ ಸೆಳೆತವನ್ನ ಎಲ್ಲಾ ಅಂಗಡಿಗಳ ಒಟ್ಟು ಸೆಳೆತದಿಂದ ಭಾಗಿಸಿದ್ದು.

ಉದಾಹರಣೆಗೆ ಒಂದು ಬೀದಿಯಿಂದ ನಿಮ್ಮ ಅಂಗಡಿ 300 ಮೀಟರ್, ಇನ್ನೊಬ್ರದ್ದು 600 ಮೀಟರ್, ಎರಡೂ ಒಂದೇ ಸೈಜ್ ಅಂತಿಟ್ಕೊಳ್ಳಿ. ದೂರವನ್ನ ವರ್ಗ ಮಾಡಿ ಭಾಗಿಸಿದ್ರೆ ನಿಮ್ದು 9ರಲ್ಲಿ ಒಂದು, ಅವರದ್ದು 36ರಲ್ಲಿ ಒಂದು. ಅಂದ್ರೆ ಆ ಬೀದಿಯ 80 ಪರ್ಸೆಂಟ್ ನಿಮ್ಗೆ, 20 ಅವ್ರಿಗೆ. ಅವರ ಅಂಗಡಿ ನಿಮ್ಮದರ ಎರಡರಷ್ಟು ಇದ್ರೆ ನಿಮ್ದು 67ಕ್ಕೆ ಇಳಿಯತ್ತೆ. ಹೀಗೆ ಬೀದಿ ಬೀದಿಗೂ ಹಾಕಿ ಕೂಡಿಸ್ಬೇಕು.

ಗಡಿರೇಖೆ

ಸೂತ್ರ ಸರಿ. ಆದ್ರೆ ದೂರಾನ ವರ್ಗವೇ ಮಾಡ್ಬೇಕು ಅಂತ ಯಾವ ಕಲ್ಲಲ್ಲೂ ಬರೆದಿಲ್ಲ. ಆ ಘಾತ ಧಂದೆಯಿಂದ ಧಂದೆಗೆ ಬದಲಾಗತ್ತೆ, ಅದನ್ನ ಜನರನ್ನ ಕೇಳಿಯೇ ಕಂಡ್ಕೋಬೇಕು. ನಾಲ್ಕೈದು ಬೀದೀಲಿ ಒಂದಷ್ಟು ಮನೆಗೆ ಹೋಗಿ, ಕೊನೇ ಸಲ ಔಷಧಿ ಎಲ್ಲಿ ತಗೊಂಡ್ರಿ, ತಿಂಗಳಿಗೆ ಎಷ್ಟು ಸಲ ಮೆಡಿಕಲ್‌ಗೆ ಹೋಗ್ತೀರಿ ಅಂತ ಎರಡೇ ಪ್ರಶ್ನೆ ಕೇಳಿ. ಯಾವ ಔಷಧಿ ಅಂತ ಕೇಳ್ಬೇಡಿ, ಜನ ಹೇಳಲ್ಲ, ಹೇಳ್ಬೇಕಾಗೂ ಇಲ್ಲ. ಸೂತ್ರ ಹೇಳಿದ ಅಂಗಡೀಗೇ ಜನ ಹೋಗ್ತಿದಾರಾ ಅಂತ ಅದ್ರಲ್ಲೇ ಗೊತ್ತಾಗತ್ತೆ. ದೂರದ ಅಂಗಡಿಗೆ ಸೂತ್ರಕ್ಕಿಂತ ಹೆಚ್ಚು ಜನ ಹೋಗ್ತಿದ್ರೆ ಅಲ್ಲೇನೋ ಕಾರಣ ಇದೆ, ಡಿಸ್ಕೌಂಟೋ, ಸಾಲ ಕೊಡೋದೋ, ಎಲ್ಲಾ ಔಷಧಿ ಸಿಗೋದೋ.

ಹೊಸ ಕೌಂಟರ್

ಎಲ್ರಿಗೂ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೇ ಎಲ್ಲಾ ಮತ್ತೆ ಮಾಡಿದೆ, ಅಂಕಿ ಹಾಕ್ತಿದೀನಿ, ತಪ್ಪಿದ್ರೆ ತಿದ್ದಿ.

ಬಸ್ ಸ್ಟಾಪ್: 5ರಿಂದ 7ರ ಹೊತ್ತಲ್ಲಿ ನನ್ನ ಬದಿ ಗೆರೆ ದಾಟಿದೋರು 480 ಮಾತ್ರ, ಉಳಿದೋರು ಕಂಬಿ ಆ ಕಡೆ, ಇಲ್ಲಾ ಸ್ಟಾಪಲ್ಲೇ ನಿಂತೋರು. 15 ನಿಮಿಷದ ಎಣಿಕೆಗಳಿಂದ ಇಡೀ ದಿನಕ್ಕೆ 2,600 ಬರತ್ತೆ. ಅದೇ ರಸ್ತೆ ಮುಂದೆ ಇರೋ ಮೆಡಿಕಲ್ ಎದುರು ನಿಂತು ನೋಡಿದ್ರೆ ಒಂದು ಗಂಟೇಲಿ 620 ಜನ ಹಾದು ಹೋದ್ರು, 7 ಜನ ಹತ್ತಿದ್ರು. ನೂರಕ್ಕೆ 1.1. ನನ್ನ 2,600ಕ್ಕೆ ಹಾಕಿದ್ರೆ ದಿನಕ್ಕೆ 29 ಬಿಲ್. ಹಿಂದುಗಡೆ ಮನೆಗಳಿಲ್ಲ, ಬಸ್ ಡಿಪೋ ಕಾಂಪೌಂಡ್ ಮತ್ತೆ ಗೋಡೌನ್‌ಗಳು. ಗಾಡಿ ನಿಲ್ಸೋಕೂ ಆಗಲ್ಲ.

ಒಳರಸ್ತೆ: 4,900 ಜನ, ಸುತ್ತ ಮೂರು ಮೆಡಿಕಲ್. ಬೀದಿ ಬೀದಿ ಲೆಕ್ಕ ಹಾಕಿ ಕೂಡಿಸಿದ್ರೆ ನನ್ನ ಪಾಲು 40 ಪರ್ಸೆಂಟ್ ಆಸುಪಾಸು, ಅಂದ್ರೆ ಸುಮಾರು 2,000 ಜನ, ಮನೆಗೆ ನಾಲ್ಕು ಜನ ಅಂದ್ರೆ 500 ಮನೆ. ಕೇಳಿದ ಮನೆಗಳಲ್ಲಿ ಸರಾಸರಿ ತಿಂಗಳಿಗೆ ಎರಡು ಸಲ ಹೋಗ್ತಾರೆ. ತಿಂಗಳಿಗೆ 1,000 ಬಿಲ್, ದಿನಕ್ಕೆ 33. ಕ್ಲಿನಿಕ್ ಎರಡೂ ಸೇರಿ ದಿನಕ್ಕೆ 70 ಪೇಷಂಟ್, ಅದ್ರಲ್ಲಿ 50 ಜನದ ಕೈಯಲ್ಲಿ ಚೀಟಿ. ಹೊರಗೆ ಬಂದೋರಲ್ಲಿ ನನ್ನ ಅಂಗಡಿ ಕಡೆ ತಿರುಗೋರು ನೂರಕ್ಕೆ 40, ಉಳಿದೋರು ಇನ್ನೊಂದು ಮೆಡಿಕಲ್ ಕಡೆ. ಅಲ್ಲಿಗೆ 20 ಬಿಲ್. ಒಟ್ಟು 53. ಮತ್ತೆ ರಸ್ತೇಲಿ ಓಡಾಡೋ 260 ಜನರದ್ದೂ ಸೇರಿಸ್ಬೇಕಲ್ವಾ?

ಗಡಿರೇಖೆ

ಆ 260 ಸೇರಿಸ್ಬೇಡಿ! ಒಳರಸ್ತೇಲಿ ಓಡಾಡೋರು ಯಾರು? ಅದೇ 4,900ರಲ್ಲಿ ಇರೋರು, ಇಲ್ಲಾ ಅದೇ ಕ್ಲಿನಿಕ್‌ಗೆ ಬಂದೋರು. ಒಂದೇ ಗಿರಾಕೀನ ಎರಡು ಸಲ ಎಣಿಸಿದ ಹಾಗಾಗತ್ತೆ. ಜಾಗ ನೋಡೋ ರಿಪೋರ್ಟುಗಳಲ್ಲಿ ನಾನು ಅತಿ ಹೆಚ್ಚು ನೋಡಿರೋ ತಪ್ಪು ಇದೇ, ಕ್ಯಾಚ್‌ಮೆಂಟ್ ಒಂದು ಸಾಲು, ಫುಟ್‌ಫಾಲ್ ಒಂದು ಸಾಲು, ಕೆಳಗೆ ಗೆರೆ ಎಳೆದು ಕೂಡಿಸಿರ್ತಾರೆ. ಕ್ಲಿನಿಕ್‌ನ 20ರಲ್ಲೂ ಸ್ವಲ್ಪ ಜನ ಅದೇ ಬೀದಿಯೋರು ಇರ್ತಾರೆ, ಹಾಗಾಗಿ 53 ಅನ್ನೋದನ್ನ ಮೇಲಿನ ಮಿತಿ ಅಂತ ಇಟ್ಕೊಳ್ಳಿ.

ಈಗ ಬಾಡಿಗೇನ ಬಿಲ್ ಲೆಕ್ಕಕ್ಕೆ ತನ್ನಿ. ಒಂದು ಬಿಲ್ಲಿಂದ ಕೈಗೆ ಉಳಿಯೋ ಮಾರ್ಜಿನ್ ಎಷ್ಟು ಅಂತ ಕೌಂಟರಲ್ಲಿ ಇದ್ದ ನಿಮಗೇ ಗೊತ್ತು. ದಿನದ ಬಾಡಿಗೆ ತೀರಿಸೋಕೆ ಎಷ್ಟು ಬಿಲ್ ಬೇಕು?

ಹೊಸ ಕೌಂಟರ್

ಒಳರಸ್ತೇಲಿ ದಿನಕ್ಕೆ 12 ಬಿಲ್ ಬಾಡಿಗೆಗೆ ಹೋಗತ್ತೆ. ಬಸ್ ಸ್ಟಾಪಲ್ಲಿ ಅದೇ ಥರದ ಬಿಲ್ ಆದ್ರೆ 24, ಆದ್ರೆ ಅಲ್ಲಿ ತಲೆನೋವಿನ ಮಾತ್ರೆ, ಬ್ಯಾಂಡೇಜ್ ಇಂಥದ್ದೇ ಜಾಸ್ತಿ, ಬಿಲ್ಲು ಅರ್ಧದಷ್ಟು ಅಂದ್ಕೊಂಡ್ರೆ 48 ಬೇಕು. ಬರೋದು 29. ಬಾಡಿಗೇನೇ ಹುಟ್ಟಲ್ಲ!

ಓಡಾಟ

ಒಂದು ಗಂಟೆ ನಿಂತು 7 ಜನ ನೋಡಿ ನಿರ್ಧಾರ ಮಾಡೋದಾ? ಆ 7 ಇನ್ನೊಂದಿನ 14 ಆಗಬಹುದು. ಆ ಅಂಗಡಿಯವ್ನು ಬೋರ್ಡೇ ಸರಿ ಹಾಕಿಲ್ದೆ ಇರಬಹುದು.

ಗಡಿರೇಖೆ

ಇದು ನ್ಯಾಯವಾದ ಆಕ್ಷೇಪ. 7 ಅನ್ನೋದು ಚಿಕ್ಕ ಸಂಖ್ಯೆ, ಇನ್ನೂ ಕೆಲವು ಗಂಟೆ ಬೇರೆ ಬೇರೆ ಹೊತ್ತಲ್ಲಿ ನೋಡೋದು ಒಳ್ಳೇದು. ಆದ್ರೆ 14 ಆದ್ರೂ ದಿನಕ್ಕೆ 58 ಬಿಲ್ ಆಗತ್ತೆ, 48 ಬಾಡಿಗೆಗೇ ಹೋದ್ಮೇಲೆ ಉಳಿಯೋ 10 ಚಿಕ್ಕ ಬಿಲ್ಲಲ್ಲಿ ಸಂಬಳ, ಕರೆಂಟು, ಎಕ್ಸ್‌ಪೈರಿ ಆದ ಮಾಲಿನ ನಷ್ಟ ತೂಗಿಸೋದು ಹೇಗೆ? ಅಂಕಿ ಎರಡು ಪಟ್ಟು ತಪ್ಪಾಗಿದ್ರೂ ತೀರ್ಮಾನ ಬದಲಾಗಲ್ಲ ಅಂದ್ರೆ ಆ ತೀರ್ಮಾನದ ಮೇಲೆ ನಿಲ್ಲಬಹುದು.

ಓಡಾಟ

ಸರಿ, ಆ ಬಾಡಿಗೆಗೆ ಕಷ್ಟವೇ ಅಂತ ಒಪ್ತೀನಿ. ಬಾಡಿಗೆ ಇಳಿಸಿದ್ರೆ ಮಾತ್ರ ಮತ್ತೆ ಯೋಚ್ನೆ ಮಾಡಿ, ಬಿಟ್ಬಿಡ್ಬೇಡಿ.

ಮಾತ್ರೆ ಡಬ್ಬಿ

ಒಳರಸ್ತಾದ ಅಂಗಡಿಗೆ ಬಾಡಿಗಿ ಅಷ್ಟ ಅಲ್ಲ, ಎಲ್ಲಾ ಖರ್ಚು ಸೇರಿ ಎಷ್ಟು ಬಿಲ್ ಬೇಕು ಅದನ್ನೂ ಹೇಳ್ರಿ.

ಹೊಸ ಕೌಂಟರ್

ಬಾಡಿಗೆ, ಒಬ್ಬ ಹುಡುಗನ ಸಂಬಳ, ಕರೆಂಟು, ಎಕ್ಸ್‌ಪೈರಿ ಎಲ್ಲಾ ಸೇರಿ ದಿನಕ್ಕೆ 38 ಬಿಲ್.

ಮಾತ್ರೆ ಡಬ್ಬಿ

ಹಂಗಿದ್ರ ಲಕ್ಷ್ಯ ಕೊಟ್ಟು ನೋಡ್ರಿ. ಕ್ಲಿನಿಕ್ ಇದ್ರ 53, ಇಲ್ಲಂದ್ರ 33. 38ರ ಗೆರಿ ನಡುವ ಐತಿ. ಡಾಕ್ಟ್ರು ಜಾಗಾ ಬಿಟ್ರ, ಇಲ್ಲಾ ತಾವೇ ಒಳಗ ಮೆಡಿಕಲ್ ಇಟ್ರ, ನೀವು ನಷ್ಟದಾಗ ಬರ್ತೀರಿ. ನಮಗಾದದ್ದೂ ಇದೇ ನೋಡ್ರಿ, ನಮ್ಮ ಓಣಿ ಗಟ್ಟಿ ಇತ್ತು ಅಂತ ಉಳಕೊಂಡ್ವಿ.

ಎಣ್ಸೋಣ

ಇನ್ನೊಂದು ಅಪಾಯಾನೂ ಲೆಕ್ಕಕ್ಕೆ ತಗೊಳ್ಳಿ. ನೀವು ಚೆನ್ನಾಗಿ ನಡೆಸ್ತಿದೀರಿ ಅಂತ ಗೊತ್ತಾದ್ರೆ ಪಕ್ಕದಲ್ಲೇ ಇನ್ನೊಬ್ರು ತೆರೀಬಹುದು. ಈಗ ನಿಮ್ಮ ಸೆಳೆತ 40, ಉಳಿದ ಮೂವರದ್ದು ಸೇರಿ 60. ನಿಮ್ಮಷ್ಟೇ ಅಂಗಡಿ ಪಕ್ಕದಲ್ಲೇ ಬಂದ್ರೆ ಒಟ್ಟು 140, ನಿಮ್ಮ ಪಾಲು 29 ಪರ್ಸೆಂಟ್. ಮನೆಯವರ 33 ಬಿಲ್ 24ಕ್ಕೆ ಇಳಿಯತ್ತೆ.

ಕೆಲವು ದೇಶಗಳಲ್ಲಿ ಕಾನೂನೇ ಇದನ್ನ ತಡೆಯತ್ತೆ. ಸ್ಪೇನ್‌ನಲ್ಲಿ 1997ರ ಕಾಯ್ದೆ ಪ್ರಕಾರ ಸಾಮಾನ್ಯವಾಗಿ 2,800 ಜನಕ್ಕೊಂದು ಫಾರ್ಮಸಿ, ಎರಡರ ಮಧ್ಯ 250 ಮೀಟರ್, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸ್ವಲ್ಪ ಬದಲಾಗತ್ತೆ. ಇಟಲಿಯಲ್ಲಿ 2012ರಿಂದ 3,300 ಜನಕ್ಕೊಂದು, ಅಂತರ 200 ಮೀಟರ್. ಅಲ್ಲಿ ಕ್ಯಾಚ್‌ಮೆಂಟ್ ಲೆಕ್ಕಾನೇ ಲೈಸೆನ್ಸ್ ಲೆಕ್ಕ. ಅಂಥ ನಿಯಮ ಇಲ್ಲದ ಕಡೆ ನಿಮ್ಮ ಪಾಲು ಇವತ್ತಿಂದು ಅಷ್ಟೇ.

ಕುತೂಹಲಿ

ಇಷ್ಟೆಲ್ಲಾ ಇದೆ ಅಂತ ಗೊತ್ತೇ ಇರ್ಲಿಲ್ಲ. ನಾವು ಅಂಗಡಿ ಹಾಕ್ದಾಗ ಬಾಡಿಗೆ ಕಮ್ಮಿ ಇದ್ಯಾ ಅಂತ ಮಾತ್ರ ನೋಡಿದ್ದು. ಅಂದಹಾಗೆ ಈಗಾಗ್ಲೇ ಇರೋ ಅಂಗಡಿಗೆ ಕ್ಯಾಚ್‌ಮೆಂಟ್ ಎಲ್ಲೀವರ್ಗೆ ಇದೆ ಅಂತ ಹೇಗೆ ನೋಡೋದು?

ಎಣ್ಸೋಣ

ಬಿಲ್ಲಲ್ಲಿ, ಡೆಲಿವರಿ ಪುಸ್ತಕದಲ್ಲಿ ಬೀದಿ ಹೆಸರು ಇರತ್ತಲ್ಲ, ಅದನ್ನ ಮ್ಯಾಪ್ ಮೇಲೆ ಒಂದೊಂದು ಚುಕ್ಕಿ ಹಾಕ್ತಾ ಹೋಗಿ. ಹೆಸರು, ಔಷಧಿ ಯಾವ್ದೂ ಬೇಡ, ಚುಕ್ಕಿ ಮಾತ್ರ. ಅಂಗಡಿ ಹತ್ತಿರದಿಂದ ಶುರು ಮಾಡಿ ನೂರಕ್ಕೆ 60, 70 ಚುಕ್ಕಿ ಒಳಗೆ ಬರೋ ಹಾಗೆ ಗೆರೆ ಎಳೆದ್ರೆ ಅದೇ ನಿಮ್ಮ ಮುಖ್ಯ ಕ್ಯಾಚ್‌ಮೆಂಟ್. ಗುಂಡಗೆ ಬರಲ್ಲ, ಒಂದು ಕಡೆ ಉದ್ದ ಚಾಚಿರತ್ತೆ, ಇನ್ನೊಂದು ಕಡೆ ಯಾವ್ದೋ ರಸ್ತೆ ಹತ್ರ ಥಟ್ ಅಂತ ನಿಂತಿರತ್ತೆ.

ರಾತ್ರಿಪಾಳಿ

ಹೊಸ ಕೌಂಟರ್ ಅವ್ರೇ, ಕ್ಲಿನಿಕ್ ಸಮಯ ನೋಡಿದ್ರಾ? ಡಾಕ್ಟ್ರು ಸಂಜೆ ಮಾತ್ರ ಕೂರೋದಾದ್ರೆ ಆ 20 ಬಿಲ್ಲು ಎರಡು ಗಂಟೇಲಿ ಒಟ್ಟಿಗೆ ಬರತ್ತೆ, ಅದೇ ಹೊತ್ತಿಗೆ ಕೆಲಸದಿಂದ ಬರೋರೂ ಬರ್ತಾರೆ. ಕೌಂಟರಲ್ಲಿ ಒಬ್ರೇ ಇದ್ರೆ ಕ್ಯೂ ನೋಡಿ ಅರ್ಧ ಜನ ಇನ್ನೊಂದು ಅಂಗಡಿಗೆ ನಡೀತಾರೆ. ಲೆಕ್ಕದಲ್ಲಿ ಬಂದ ಬಿಲ್ಲು ಕೈಗೆ ಬರಲ್ಲ.

ಹೊಸ ಕೌಂಟರ್

ಹೌದು ಮೇಡಂ, ಒಂದು ಕ್ಲಿನಿಕ್ ಬರೀ ಸಂಜೆ 6ರಿಂದ 8:30. ಇನ್ನೊಂದು ಎರಡೂ ಹೊತ್ತು. ಸಂಜೆಗೆ ಇನ್ನೊಬ್ರನ್ನ ಅರ್ಧ ದಿನಕ್ಕೆ ಇಟ್ಕೋಬೇಕಾಗತ್ತೆ, ಆಗ 38 ಹೋಗಿ 42 ಆಗತ್ತೆ.

ಗಡಿರೇಖೆ

ಹಾಗಾದ್ರೆ ಈಗ ಕೇಳ್ಬೇಕಾಗಿರೋದು ಕ್ಲಿನಿಕ್‌ಗಳ ಬಗ್ಗೆ. ಎರಡೂ ಹೊತ್ತಿನ ಕ್ಲಿನಿಕ್ ಕಟ್ಟಡ ಡಾಕ್ಟ್ರ ಸ್ವಂತದ್ದಾ, ಬಾಡಿಗೇದಾ? ಬಾಡಿಗೆ ಆದ್ರೆ ಅಗ್ರಿಮೆಂಟ್ ಇನ್ನೆಷ್ಟು ವರ್ಷ ಇದೆ? ನಿಮ್ಮ ಅಗ್ರಿಮೆಂಟು ಅದಕ್ಕಿಂತ ಉದ್ದ ಇರ್ಬಾರ್ದು, ಇಲ್ಲಾ ಮಧ್ಯದಲ್ಲಿ ಬಿಟ್ಟು ಹೋಗೋ ಷರತ್ತು ಇರ್ಲಿ. ಇನ್ನೊಂದು, ಉತ್ತರ ದಿಕ್ಕಲ್ಲಿ ಹೊಸ ಮನೆಗಳು ಏಳ್ತಿದ್ರೆ ಜನಸಂಖ್ಯೆಯ ಹಳೇ ಅಂಕಿ ಕಡಿಮೆ ತೋರಿಸ್ತಿರತ್ತೆ, ಒಮ್ಮೆ ಆ ಕಡೆ ನಡೆದು ದೀಪ ಉರಿಯೋ ಮನೆ ಎಷ್ಟು ಅಂತ ನೋಡಿ ಬನ್ನಿ. ಖಾಲಿ ಫ್ಲ್ಯಾಟಿಗೆ ಮಾತ್ರೆ ಮಾರೋಕಾಗಲ್ಲ.

ಹೊಸ ಕೌಂಟರ್

ಸಂಜೆ ಕ್ಲಿನಿಕ್ ಬಾಡಿಗೇದು ಅಂತ ಗೊತ್ತು, ಇನ್ನೊಂದರದ್ದು ವಿಚಾರಿಸ್ತೀನಿ. ಉತ್ತರಕ್ಕೆ ಎರಡು ಬಿಲ್ಡಿಂಗ್ ಏಳ್ತಿವೆ, ಒಂದ್ರಲ್ಲಿ ಜನ ಬಂದಾಗಿದೆ, ಇನ್ನೊಂದು ಪ್ಲಾಸ್ಟರಿಂಗ್ ಹಂತ. ಬಸ್ ಸ್ಟಾಪ್ ಓನರ್‌ಗೆ ಈ ಬಾಡಿಗೆಗೆ ಆಗಲ್ಲ ಅಂತ ಹೇಳಿದೀನಿ.

ಡೆಲಿವರಿ ಹುಡ್ಗ

ಆ 500 ಮನೇಲಿ ಎಷ್ಟು ಮನೆ ಆ್ಯಪಲ್ಲಿ ತರಿಸ್ತಾರೆ ಅಂತ ಕೇಳಿದ್ರಾ? ಎರಡು ಪ್ರಶ್ನೆ ಜೊತೆ ಅದನ್ನೂ ಕೇಳ್ಬೇಕಿತ್ತು.

ಹೊಸ ಕೌಂಟರ್

ಕೊನೇ ಸಲ ಎಲ್ಲಿ ತಗೊಂಡ್ರಿ ಅಂತ ಕೇಳಿದಾಗ ಕೆಲವರು ಆನ್‌ಲೈನ್ ಅಂದ್ರು, ಅವ್ರನ್ನ ಬೇರೆ ಬರ್ಕೊಂಡಿಲ್ಲ, ಮೂರು ಅಂಗಡಿಯ ಪಟ್ಟೀಲೇ ಹಂಚಿಬಿಟ್ಟೆ. ಆ ಪಾಲು ತೆಗೆದ್ರೆ 33 ಎಷ್ಟಕ್ಕೆ ಇಳಿಯತ್ತೋ ನೋಡ್ಬೇಕು. ಆ ಬೀದಿಗಳಿಗೆ ಮತ್ತೆ ಹೋಗ್ತೀನಿ.

ಗಡಿರೇಖೆ

ಹೋಗುವಾಗ ವಯಸ್ಸಾದೋರು ಇರೋ ಮನೆ, ಚಿಕ್ಕ ಮಕ್ಕಳಿರೋ ಮನೆ ಅಂತ ಒಂದು ಗುರುತು ಹಾಕ್ಕೊಳ್ಳಿ, ಆನ್‌ಲೈನ್ ಉತ್ತರ ಯಾವ ಮನೆಗಳಿಂದ ಬರ್ತಿದೆ ಅಂತ ಬೇರೆಯಾಗಿ ಕಾಣತ್ತೆ. ಅಂಕಿ ಬಂದ್ಮೇಲೆ ಇಲ್ಲೇ ಹಾಕಿ.